*ಎದೆ ಬಡಿಯುತ್ತಿದ್ದರೂ ಸಾವು ಹೇಗೆ? ಬ್ರೇನ್ ಡೆತ್ ಬಗ್ಗೆ ಮನೆಯವರಿಗೆ ಕನ್ನಡದಲ್ಲಿ ಹೇಳುವ ಬಗೆ*



ಮುಂಬೈ, ಪುಣೆ, ಹೈದರಾಬಾದಿನಂಥ ಊರುಗಳಲ್ಲಿ ಐಸಿಯು ಡಾಕ್ಟರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಾರೆ. ಅದನ್ನು ಊರಿನಿಂದ ಬಂದ ಹಿರಿಯರಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನಿಮ್ಮಂಥವರ ಮೇಲೆ ಬೀಳುತ್ತದೆ. ಸುದ್ದಿ ಬ್ರೇನ್ ಡೆತ್ ಆಗಿದ್ದರೆ ಪದಗಳನ್ನು ಬಹಳ ನೋಡಿ ಬಳಸಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪುಣೆಯಲ್ಲಿ ಕೆಲಸದಲ್ಲಿದ್ದ 28 ವರ್ಷದ ಹುಡುಗ ಬೈಕಿನಿಂದ ಬಿದ್ದು ತಲೆಯೊಳಗೆ ರಕ್ತಸ್ರಾವವಾಗಿದೆ. ಮೂರನೇ ದಿನ ಡಾಕ್ಟರು ಬ್ರೇನ್ ಡೆತ್ ಎನ್ನುತ್ತಾರೆ. ವಿಜಯಪುರದಿಂದ ಬಂದ ತಾಯಿ ಕೇಳುತ್ತಾರೆ: "ಎದಿ ಬಡಿಯಾಕತ್ತೈತಿ, ಮೈ ಬೆಚ್ಚಗೈತಿ. ಹೋಗ್ಯಾನ ಅಂತ ಹೆಂಗ ಅಂತೀರಿ?"

*ಎದೆ ಏಕೆ ಬಡಿಯುತ್ತದೆ?*

ಹೃದ್ರೋಗ ತಜ್ಞನಾಗಿ ಈ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಹೃದಯ ಬಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಬಡಿತ ಹುಟ್ಟಿಸುವ ಪುಟ್ಟ ಗಂಟು ಹೃದಯದಲ್ಲೇ ಇದೆ. ಆಮ್ಲಜನಕ ಸಿಗುವವರೆಗೆ ಅದು ಬಡಿಯುತ್ತದೆ. ಉಸಿರಾಟ ಹಾಗಲ್ಲ, ಅದಕ್ಕೆ ಮೆದುಳಿನ ಕಾಂಡದಿಂದಲೇ ಆಜ್ಞೆ ಬರಬೇಕು. ಆ ಭಾಗ ಸತ್ತಿದೆ, ಅದು ಮತ್ತೆ ಬದುಕುವುದಿಲ್ಲ. ಈಗ ಎದೆ ಏರಿಳಿಯುತ್ತಿರುವುದು ವೆಂಟಿಲೇಟರ್ ಗಾಳಿ ತುಂಬುತ್ತಿರುವುದರಿಂದ. ಗಾಳಿ ಸಿಗುವುದರಿಂದ ಹೃದಯ ನಡೆಯುತ್ತದೆ, ರಕ್ತ ಹರಿಯುವುದರಿಂದ ಮೈ ಬೆಚ್ಚಗಿರುತ್ತದೆ. ಯಂತ್ರವಿದ್ದರೂ ಸಾಮಾನ್ಯವಾಗಿ ಕೆಲವು ಗಂಟೆ ಅಥವಾ ದಿನಗಳಲ್ಲಿ ಹೃದಯವೂ ನಿಲ್ಲುತ್ತದೆ.

ಕೋಮಾ ಬೇರೆ. ಕೋಮಾದಲ್ಲಿ ಮೆದುಳು ಜೀವಂತವಿರುತ್ತದೆ, ಕೆಲವರು ಎಚ್ಚರಗೊಳ್ಳುತ್ತಾರೆ. ಬ್ರೇನ್ ಡೆತ್ ಆದವರು ಎಚ್ಚರಗೊಳ್ಳುವುದಿಲ್ಲ.

*ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ?*

ನಿದ್ದೆ ಬರಿಸುವ ಔಷಧಿಯ ಪ್ರಭಾವ ಇಳಿದಿರಬೇಕು, ಮೈ ತೀರಾ ತಣ್ಣಗಿರಬಾರದು. ಆಮೇಲೆ ಕಣ್ಣಿಗೆ ಬೆಳಕು ಬಿಡುತ್ತಾರೆ, ಕಣ್ಣಗುಡ್ಡೆಯನ್ನು ಹತ್ತಿಯಿಂದ ಮುಟ್ಟುತ್ತಾರೆ, ಕಿವಿಗೆ ತಣ್ಣೀರು ಹಾಕುತ್ತಾರೆ, ಗಂಟಲಲ್ಲಿ ನಳಿಕೆ ಆಡಿಸಿ ಕೆಮ್ಮು ಬರುತ್ತದೆಯೇ ನೋಡುತ್ತಾರೆ. ಕೊನೆಗೆ ಆಮ್ಲಜನಕ ಕೊಡುತ್ತಲೇ ವೆಂಟಿಲೇಟರನ್ನು ಸುಮಾರು 8-10 ನಿಮಿಷ ಬಿಡಿಸುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಬದುಕಿರುವ ಮೆದುಳು ಉಸಿರೆಳೆಸದೆ ಬಿಡುವುದಿಲ್ಲ. ಇಲ್ಲಿ ಒಂದು ಉಸಿರೂ ಬರುವುದಿಲ್ಲ.

1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಇದನ್ನು ದೃಢಪಡಿಸಬೇಕು. ಕನಿಷ್ಠ 6 ಗಂಟೆ ಬಿಟ್ಟು ಎಲ್ಲ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಅವರಲ್ಲಿ ಯಾರೂ ಕಸಿ ತಂಡದವರಾಗಿರಬಾರದು. "ಎರಡನೇ ಪರೀಕ್ಷೆ ಎಷ್ಟು ಗಂಟೆಗೆ ಆಯಿತು?" ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟಾದ ಮೇಲೂ ಕೈಬೆರಳು ಅಥವಾ ಕಾಲು ಅಲುಗಾಡಬಹುದು. ಅದು ಬೆನ್ನುಹುರಿಯ ಪ್ರತಿಕ್ರಿಯೆ, ಎಚ್ಚರವಲ್ಲ. ತಾಯಿ ನೋಡಿ ಗಾಬರಿಯಾಗುವ ಮೊದಲೇ ಹೇಳಿಬಿಡಿ.

*ಯಾವ ಮಾತು ಬೇಡ, ಯಾವುದು ಬೇಕು?*

ಪತ್ರಿಕೆಗಳು "ಮೆದುಳು ನಿಷ್ಕ್ರಿಯ" ಎಂದು ಬರೆಯುತ್ತವೆ. ನಿಷ್ಕ್ರಿಯವಾದದ್ದು ಮತ್ತೆ ಶುರುವಾಗಬಹುದು ಎಂದು ಮನಸ್ಸಿಗೆ ಅನಿಸುತ್ತದೆ. "ಮಶೀನ್ ಮೇಲೆ ಬದುಕಿದ್ದಾನೆ", "ಉಳಿಯುವುದು ಕಷ್ಟ" ಎಂದರೂ ಅಷ್ಟೇ, ಆಸೆ ಉಳಿಯುತ್ತದೆ.

ಎರಡನೇ ಪರೀಕ್ಷೆ ಮುಗಿದ ಮೇಲೆ ತಾಯಿಯನ್ನು ಕೂರಿಸಿ, ಕೈ ಹಿಡಿದು, ಮೆಲ್ಲಗೆ ಹೀಗೆ ಹೇಳಿ: "ಅತ್ತಿ, ನಮ್ಮ ಹುಡುಗ ತೀರಿಹೋಗ್ಯಾನ. ಮಿದುಳು ಸತ್ತೈತಿ. ಎದಿ ಬಡಿಯೂದು ಮಶೀನ್ ಗಾಳಿ ಕೊಡಾಕತ್ತೈತಿ ಅಂತ. ಅವಗೀಗ ನೋವಿಲ್ಲ." ಆಮೇಲೆ ಸುಮ್ಮನಿರಿ. ಅವರು ಅಳಲಿ, ಮಗನನ್ನು ಮುಟ್ಟಿ ನೋಡಲಿ.

*ಅಂಗದಾನದ ಮಾತು ಯಾವಾಗ?*

ಸಾವಿನ ಸುದ್ದಿಯ ಜೊತೆಗೇ ಅಂಗದಾನದ ಮಾತು ತೆಗೆದರೆ "ಕಿಡ್ನಿಗಾಗಿ ಸತ್ತ ಅಂತಾರ" ಎಂಬ ಸಂಶಯ ಬರುತ್ತದೆ. ಸಾವು ಮನಸ್ಸಿಗಿಳಿದ ಮೇಲೆ, ಬೇರೆಯಾಗಿ ಮಾತಾಡಿ. ಆಸ್ಪತ್ರೆಯ ಕೋಆರ್ಡಿನೇಟರ್ ಬಂದು ಕೇಳುತ್ತಾರೆ, ಅವರ ಮಾತನ್ನು ನೀವು ಕನ್ನಡದಲ್ಲಿ ಹೇಳಿದರೆ ಸಾಕು.

ಹತ್ತಿರದ ಸಂಬಂಧಿ ಬರೆದು ಒಪ್ಪಿಗೆ ಕೊಡಬೇಕು. ಯಾವ ಅಂಗ ಕೊಡಬೇಕು, ಯಾವುದು ಬೇಡ ಎಂದು ಅವರೇ ಹೇಳಬಹುದು. ಬೇಡ ಎಂದರೆ ಯಾರೂ ಒತ್ತಾಯಿಸುವಂತಿಲ್ಲ. ಅಂಗ ತೆಗೆಯುವ ಖರ್ಚನ್ನು ದಾನಿಯ ಮನೆಯವರಿಂದ ಪಡೆಯುವಂತಿಲ್ಲ, ಅವರಿಗೆ ಹಣ ಕೊಡುವುದೂ ಕಾನೂನುಬಾಹಿರ. ದೇಹವನ್ನು ಹೊಲಿದು ಒಪ್ಪಿಸುತ್ತಾರೆ, ಮುಖ ನೋಡಿ ಸಂಸ್ಕಾರ ಮಾಡಬಹುದು. ಅಪಘಾತವಾದ್ದರಿಂದ ಪೊಲೀಸ್ ಕಾಗದ, ಪೋಸ್ಟ್‌ಮಾರ್ಟಮ್ ಇರುತ್ತವೆ. ದೇಹ ಕೈಗೆ ಸಿಗಲು ಹಲವು ಗಂಟೆ ಹಿಡಿಯುತ್ತದೆ. ಊರಲ್ಲಿ ಕಾಯುತ್ತಿರುವವರಿಗೆ ಇದನ್ನು ಮೊದಲೇ ಫೋನ್ ಮಾಡಿ ತಿಳಿಸಿ.

ತಾಯಿ ಕೊನೆಗೆ ಹೂಂ ಎನ್ನಲಿ, ಬ್ಯಾಡ ಎನ್ನಲಿ, ಮಗ ತೀರಿದ್ದಾನೆ ಎಂಬುದು ಅವರಿಗೆ ತಿಳಿದ ಮೇಲೆ ಬಂದ ಉತ್ತರವಾಗಿರಲಿ.