ವಿಮಾನದಲ್ಲಿ ಹಿರಿಯರ ರಿಯಾಯಿತಿ: ಟಿಕೆಟ್ ಕೊಳ್ಳುವ ಮುನ್ನ

ಅರವತ್ತು ದಾಟಿದವರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಶೇ 25 ರಿಯಾಯಿತಿ ಇದೆ. ರೈಲಿನಲ್ಲಿ 2020ರ ಮಾರ್ಚ್‌ವರೆಗೂ ಇತ್ತು, ಆಮೇಲೆ ನಿಂತುಹೋಯಿತು. ಈ ರೂಢಿಯಿಂದಾಗಿ ಕೊಪ್ಪಳ, ಗಂಗಾವತಿ ಕಡೆಯ ಹಿರಿಯರು ವಿಮಾನದಲ್ಲೂ ಅಷ್ಟೇ ಸಿಗುತ್ತದೆ, ಅದು ಸರ್ಕಾರದ ಸೌಲಭ್ಯ ಎಂದುಕೊಂಡಿರುತ್ತಾರೆ. ಹಾಗಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ 60 ತುಂಬಿದವರನ್ನು ಹಿರಿಯ ನಾಗರಿಕರು ಎನ್ನುತ್ತದೆಯೇ ಹೊರತು ವಿಮಾನ ದರದ ಬಗ್ಗೆ ಏನೂ ಹೇಳುವುದಿಲ್ಲ. ದರ ನಿಗದಿ ವಿಮಾನ ಸಂಸ್ಥೆಗಳ ಕೈಯಲ್ಲಿದೆ. ರಿಯಾಯಿತಿ ಅವರಾಗಿ ಕೊಡುವಂಥದ್ದು, ಅವರಾಗಿ ಕಡಿಮೆ ಮಾಡಬಹುದಾದದ್ದು. ಏರ್ ಇಂಡಿಯಾ ಮೂಲ ದರದ ಅರ್ಧವನ್ನೇ ಬಿಡುತ್ತಿತ್ತು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಅದನ್ನು ಶೇ 25ಕ್ಕೆ ಇಳಿಸಿತು. ಶೇ 6ರಿಂದ 8ರಷ್ಟು ಮಾತ್ರ ಬಿಡುವ ಸಂಸ್ಥೆಗಳೂ ಇವೆ.

ಆದರೆ ಒಮ್ಮೆ ಘೋಷಿಸಿ, ಟಿಕೆಟ್ ಮಾರಿದ ಮೇಲೆ ಆ ಷರತ್ತು ಸಂಸ್ಥೆಯನ್ನೂ ಕಟ್ಟಿಹಾಕುತ್ತದೆ. ನಮ್ಮ ಹಕ್ಕು ಹುಟ್ಟುವುದು ಅಲ್ಲಿಂದ.

ವಯಸ್ಸನ್ನು ಎಣಿಸುವುದು ಪ್ರಯಾಣದ ದಿನಕ್ಕೆ, ಟಿಕೆಟ್ ತೆಗೆದ ದಿನಕ್ಕಲ್ಲ. ಹಳೆಯ ರೈಲ್ವೆ ನಿಯಮದಲ್ಲಿ ಮಹಿಳೆಯರಿಗೆ 58ಕ್ಕೇ ರಿಯಾಯಿತಿ ಸಿಗುತ್ತಿತ್ತು. ವಿಮಾನದಲ್ಲಿ ಸಾಮಾನ್ಯವಾಗಿ ಇಬ್ಬರಿಗೂ 60. ಕುಷ್ಟಗಿಯ ದಂಪತಿ ಹೊರಟಿದ್ದಾರೆ, ಯಜಮಾನರಿಗೆ 63, ಅವರ ಹೆಂಡತಿಗೆ 59 ಎಂದಿಟ್ಟುಕೊಳ್ಳಿ. ಯಜಮಾನರೊಬ್ಬರೇ ಅರ್ಹರು. ಇಬ್ಬರನ್ನೂ ಹಿರಿಯರ ದರದಲ್ಲಿ ಬುಕ್ ಮಾಡಿದರೆ ತೊಂದರೆ ಗೊತ್ತಾಗುವುದು ಕೌಂಟರಿನಲ್ಲಿ. ಅವರಿಗೆ ಬೇರೆ ಬೇರೆ ಟಿಕೆಟ್ ತೆಗೆಯುವುದು ಕ್ಷೇಮ.

ವಿಮಾನ ನಿಲ್ದಾಣದಲ್ಲಿ ಕಾಗದ ನೋಡುವುದು ಎರಡು ಕಡೆ. ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಹೆಸರು, ಮುಖ ಹೊಂದುತ್ತವೆಯೇ ಎಂದು ನೋಡಿ ಒಳಗೆ ಬಿಡುತ್ತಾರೆ. ವಯಸ್ಸನ್ನು ನೋಡುವುದು ಸಂಸ್ಥೆಯ ಚೆಕ್-ಇನ್ ಕೌಂಟರಿನವರು, ಕೆಲವೊಮ್ಮೆ ವಿಮಾನ ಹತ್ತುವ ಗೇಟಿನಲ್ಲೂ ಕೇಳುತ್ತಾರೆ. ಬಾಗಿಲು ದಾಟಿದ ಚೀಟಿ ಕೌಂಟರಿನಲ್ಲಿ ಸಾಲದೆ ಹೋಗುವುದು ಇದಕ್ಕೇ. ನಮ್ಮ ಹಳ್ಳಿಗಳ ಹಿರಿಯರ ಎಷ್ಟೋ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, ದಿನಾಂಕ ಇರುವುದಿಲ್ಲ. 70 ದಾಟಿದವರಿಗೆ ಇದರಿಂದ ಅಡ್ಡಿಯಾಗುವುದು ಕಡಿಮೆ. ಇದೇ ವರ್ಷ 60ಕ್ಕೆ ಬರುವವರಿಗೆ ಪೂರ್ಣ ದಿನಾಂಕ ಬೇಕೇ ಬೇಕು. ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಪ್ಯಾನ್ ಕಾರ್ಡುಗಳಲ್ಲಿ ಅದು ಇರುತ್ತದೆ. ನಿಮ್ಮ ಸಂಸ್ಥೆ ಯಾವುದನ್ನು ಒಪ್ಪುತ್ತದೆ ಎಂದು ಅದರ ಪಟ್ಟಿಯಲ್ಲಿ ನೋಡಿ, ಮೂಲ ಪ್ರತಿಯನ್ನೇ ಒಯ್ಯಿರಿ. ಸೇವಾ ಸಿಂಧು ಮೂಲಕ ಸಿಗುವ ಹಿರಿಯ ನಾಗರಿಕರ ಗುರುತಿನ ಚೀಟಿ ಬಸ್ಸಿಗೆ ಉಪಯೋಗ. ವಿಮಾನಕ್ಕೆ ಅದೊಂದನ್ನೇ ನಂಬಿ ಹೋಗಬೇಡಿ. ದಾಖಲೆ ತೋರಿಸದಿದ್ದರೆ ವಿಮಾನ ಹತ್ತಿಸದೆ, ಮೂಲ ದರ ಮುಟ್ಟುಗೋಲು ಹಾಕಿ, ತೆರಿಗೆ ಮತ್ತು ಶುಲ್ಕವನ್ನಷ್ಟೇ ಮರಳಿಸುವ ಷರತ್ತೂ ಉಂಟು.

ಈಗ ಉಳಿತಾಯದ ಮಾತು. ಇಡೀ ಟಿಕೆಟ್ಟಿನ ಮೇಲೆ ಕಡಿತವಿಲ್ಲ, ಮೂಲ ದರದ ಮೇಲೆ ಮಾತ್ರ. ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕ, ಬುಕಿಂಗ್ ಶುಲ್ಕ ಹಿರಿಯರಿಗೂ ಪೂರ್ತಿಯೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮೂಲ ದರ 3,000, ಅದರ ಮೇಲೆ ಶೇ 5 ಜಿಎಸ್‌ಟಿ 150, ಉಳಿದ ಶುಲ್ಕ 850, ಒಟ್ಟು 4,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ಶೇ 6 ರಿಯಾಯಿತಿಯಲ್ಲಿ ಬಿಡುವುದು 180, ಜಿಎಸ್‌ಟಿ ಇಳಿಯುವುದು 9, ಉಳಿಯುವುದು 189 ರೂಪಾಯಿ. ಯಲಬುರ್ಗಾದಿಂದ ಹುಬ್ಬಳ್ಳಿಗೆ ಕಾರು ಮಾಡಿಕೊಂಡು ಹೋಗುವವರಿಗೆ ಇದು ಲೆಕ್ಕಕ್ಕೇ ಬರದ ಮೊತ್ತ. ಬೆಂಗಳೂರಿನಿಂದ ದಿಲ್ಲಿಗೆ 6,000 ಮೂಲ ದರದ ಮೇಲೆ ಶೇ 25 ಸಿಕ್ಕರೆ ಜಿಎಸ್‌ಟಿ ಸೇರಿ 1,575 ರೂಪಾಯಿ ಉಳಿಯುತ್ತದೆ. ಅಲ್ಲಿ ಕೇಳಿ ಪಡೆಯುವುದಕ್ಕೆ ಅರ್ಥವಿದೆ. ಹಾಗಾಗಿ ಹುಡುಕುವ ಮೊದಲೇ ‘ಹಿರಿಯ ನಾಗರಿಕ’ ದರವನ್ನು ಆಯ್ದು ಕೊನೆಯ ಮೊತ್ತ ಬರೆದಿಟ್ಟುಕೊಳ್ಳಿ, ಅದೇ ವಿಮಾನದ ಸಾಮಾನ್ಯ ದರವನ್ನೂ ನೋಡಿ. ಮಾರಾಟದ ಕೊಡುಗೆ ಇರುವ ದಿನಗಳಲ್ಲಿ ಸಾಮಾನ್ಯ ಟಿಕೆಟ್ಟೇ ಅಗ್ಗವಾಗಿರಬಹುದು. ಏಜೆಂಟರ ಹತ್ತಿರ ತೆಗೆಸಿದರೆ ಟಿಕೆಟ್ಟಿನಲ್ಲಿ ಹಿರಿಯರ ದರ ಎಂದು ನಮೂದಾಗಿದೆಯೇ ಎಂದು ಅಲ್ಲೇ ನೋಡಿ. ಟಿಕೆಟ್ ಆದ ಮೇಲೆ ರಿಯಾಯಿತಿ ಸೇರಿಸಿಕೊಡಿ ಎಂದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಸರಿಯಾದ ದಾಖಲೆ ತೋರಿಸಿಯೂ ತಡೆದರೆ ಅಥವಾ ಹೆಚ್ಚು ಹಣ ವಸೂಲಿ ಮಾಡಿದರೆ, ಕಾರಣವನ್ನು ಬರಹದಲ್ಲಿ ಕೇಳಿ, ಕಟ್ಟಿದ ಹಣಕ್ಕೆ ರಸೀದಿ ಪಡೆಯಿರಿ. ಮೊದಲು ಸಂಸ್ಥೆಗೆ ಇಮೇಲ್, ಆಮೇಲೆ ಕೇಂದ್ರದ ಏರ್‌ಸೇವಾ ಪೋರ್ಟಲ್ ಅಥವಾ 1915 ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ವಿಮಾನ ಸಂಸ್ಥೆಯ ಕಚೇರಿ ದಿಲ್ಲಿಯಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ.