‘ಎಲ್ಲಾ ಆತು, ಟೆಸ್ಟಿಂಗ್ ಅಷ್ಟ ಉಳದೈತಿ’

ಮಿನಿ ಪ್ರಾಜೆಕ್ಟ್ ಡೆಮೊ ಹತ್ತಿರ ಬಂದಾಗ ಯಾವ ಟೀಮನ್ನು ಕೇಳಿದರೂ ಸಾಮಾನ್ಯವಾಗಿ ಸಿಗೋ ಉತ್ತರ ಇದೇ. ಕೋಡ್ ಬರೆದಾಗಿದೆ, ಸ್ಕ್ರೀನ್ ಓಪನ್ ಆಗ್ತಿದೆ, ಆದ್ದರಿಂದ ಕೆಲಸ ಆಯ್ತು ಅಂತ ಲೆಕ್ಕ. ಟೆಸ್ಟಿಂಗ್ ಅನ್ನೋದು ಕೊನೆಗೆ ಟೈಮ್ ಉಳಿದರೆ ಮಾಡೋ ಕೆಲಸ. ಅಜೈಲ್ ಟೀಮ್‌ಗಳಲ್ಲಿ ಈ ಅಭ್ಯಾಸವನ್ನು ತಡೆಯೋಕೆ ಅಂತಲೇ ಒಂದು ಸಣ್ಣ ಸಾಧನ ಇದೆ. ಅದರ ಹೆಸರು ‘ಡೆಫಿನಿಷನ್ ಆಫ್ ಡನ್’, ಅಂದ್ರೆ ಯಾವುದನ್ನು ‘ಆಗಿದೆ’ ಅಂತ ಕರೀಬಹುದು ಅನ್ನೋದಕ್ಕೆ ಇಡೀ ಟೀಮ್ ಮುಂಚೆಯೇ ಒಪ್ಪಿ ಬರೆದಿಟ್ಟ ಪಟ್ಟಿ.

ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಬರೆದ ‘ಸ್ಕ್ರಮ್ ಗೈಡ್’ನ 2020ರ ಆವೃತ್ತಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪಟ್ಟಿಯಲ್ಲಿರುವುದು ಪೂರ್ತಿ ಆಗದ ಕೆಲಸವನ್ನು ಬಿಡುಗಡೆ ಮಾಡುವ ಹಾಗಿಲ್ಲ, ಸ್ಪ್ರಿಂಟ್ ರಿವ್ಯೂನಲ್ಲಿ ತೋರಿಸುವ ಹಾಗೂ ಇಲ್ಲ. ಅದು ಬ್ಯಾಕ್‌ಲಾಗ್‌ಗೆ ವಾಪಸ್ ಹೋಗಬೇಕು. ‘90 ಪರ್ಸೆಂಟ್ ಆಗಿದೆ’ ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ.

ಇದು ಯಾಕೆ ಬೇಕು ಅನ್ನೋದನ್ನ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಚೀಲವೋ, ಕ್ವಿಂಟಲೋ?

ನಾಲ್ಕು ಜನರ ಒಂದು ಟೀಮ್ ರೈತರಿಗಾಗಿ ಆ್ಯಪ್ ಮಾಡ್ತಿದೆ ಅಂದುಕೊಳ್ಳೋಣ. ಮಾರಿದ ಮಾಲಿನ ತೂಕ ಮತ್ತು ರೇಟ್ ಹಾಕಿದರೆ ಎಷ್ಟು ಹಣ ಬರಬೇಕು ಅಂತ ಅದು ತೋರಿಸಬೇಕು. ಕೋಡ್ ಬರೆಯೋರಿಗೆ ಇದು ಒಂದು ಸಾಲಿನ ಗುಣಾಕಾರ. ಆದರೆ ಊರಿಗೆ ಹೋಗಿ ಕೇಳಿದರೆ ಗೊತ್ತಾಗುತ್ತೆ, ‘ರೇಟ್’ ಅನ್ನೋ ಪದಕ್ಕೆ ಎಲ್ಲಾ ಕಡೆ ಒಂದೇ ಅರ್ಥ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರೋ ಗಂಗಾವತಿ ಕಡೆ ಭತ್ತದ ರೇಟ್ ಅಂದ್ರೆ ಸಾಮಾನ್ಯವಾಗಿ 75 ಕೆಜಿ ಚೀಲಕ್ಕೆ. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆ ಮೆಕ್ಕೆಜೋಳದ ರೇಟ್ ಕೇಳಿದರೆ ಕ್ವಿಂಟಲ್‌ಗೆ ಹೇಳ್ತಾರೆ. ಸರ್ಕಾರದ ಬೆಂಬಲ ಬೆಲೆಯೂ ಕ್ವಿಂಟಲ್‌ಗೇ: 2025-26ರ ಮುಂಗಾರಿಗೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ.

ಈಗ ಲೆಕ್ಕಕ್ಕಾಗಿ ಚೀಲಕ್ಕೆ 1,800 ರೂಪಾಯಿ ಅಂತ ಇಟ್ಟುಕೊಳ್ಳಿ. 3,000 ಕೆಜಿ ಭತ್ತ ಅಂದ್ರೆ 40 ಚೀಲ, ಬರಬೇಕಾದ ಹಣ 72,000. ಆ್ಯಪ್ ಆ 1,800 ಅನ್ನು ಕ್ವಿಂಟಲ್ ರೇಟ್ ಅಂತ ತಿಳಿದುಕೊಂಡರೆ 30 ಕ್ವಿಂಟಲ್‌ಗೆ 54,000 ತೋರಿಸುತ್ತೆ. 18,000 ರೂಪಾಯಿ ಕಮ್ಮಿ! ಇನ್ನೊಂದು ತಪ್ಪೂ ಇದೆ. 1,800 ಮತ್ತು 2,369 ಅನ್ನು ಪಕ್ಕಪಕ್ಕ ತೋರಿಸಿದರೆ ಮಾರ್ಕೆಟ್ ರೇಟ್ ಬೆಂಬಲ ಬೆಲೆಗಿಂತ ಕಡಿಮೆ ಅನ್ಸುತ್ತೆ. ನಿಜವಾಗಿ ಚೀಲಕ್ಕೆ 1,800 ಅಂದ್ರೆ ಕ್ವಿಂಟಲ್‌ಗೆ 2,400, ಅಂದ್ರೆ ಜಾಸ್ತಿ.

ಈ ಎರಡೂ ತಪ್ಪಿನಲ್ಲಿ ಆ್ಯಪ್ ಕ್ರ್ಯಾಶ್ ಆಗಲ್ಲ, ಎರರ್ ಬರಲ್ಲ. ಡೆಮೊದಲ್ಲಿ ಎಲ್ಲಾ ಚೆಂದಾಗೇ ಕಾಣುತ್ತೆ. ಯಾರಾದರೂ ಕೂತು ಸರಿಯಾದ ಉತ್ತರದ ಜೊತೆ ಹೋಲಿಸಿ ನೋಡಿದರೆ ಮಾತ್ರ ಸಿಗೋ ತಪ್ಪು ಇದು. ಟೆಸ್ಟಿಂಗ್‌ಗೆ ಟೈಮ್ ಸಿಗದಿದ್ದಾಗ ಮೊದಲು ತಪ್ಪಿಸಿಕೊಳ್ಳೋದು ಇಂಥವೇ.

ಪಟ್ಟಿ ಬರೆಯೋದು ಹೇಗೆ

‘ಟೆಸ್ಟಿಂಗ್ ಆಗಿರಬೇಕು’ ಅಂತ ಒಂದು ಸಾಲು ಬರೆದರೆ ಏನೂ ಉಪಯೋಗ ಇಲ್ಲ. ಎರಡು ಬಟನ್ ಒತ್ತಿ ನೋಡಿದವರೂ ‘ಮಾಡಿದೀನಿ’ ಅಂತಾರೆ. ಪ್ರತಿ ಸಾಲಿಗೂ ಹೌದು ಅಥವಾ ಇಲ್ಲ ಅಂತ ಯಾರು ಬೇಕಾದರೂ ಉತ್ತರ ಕೊಡೋ ಹಾಗಿರಬೇಕು. ಈ ಟೀಮ್‌ಗೆ ಐದು ಸಾಲು ಸಾಕು:

1. ಲೆಕ್ಕದ ಉದಾಹರಣೆಗಳನ್ನು ಕೋಡಿಂಗ್ ಶುರುವಾಗೋ ಮುಂಚೆ ಬರೆದಿದ್ದೇವೆ.
2. ಆ ಉದಾಹರಣೆಗಳು ಆಟೊಮೇಟೆಡ್ ಟೆಸ್ಟ್ ಆಗಿವೆ, ಎಲ್ಲವೂ ಪಾಸ್ ಆಗಿವೆ.
3. ಕೋಡ್ ಬರೆಯದ ಇನ್ನೊಬ್ಬರು ನಿಜವಾದ ಫೋನಿನಲ್ಲಿ ಬಳಸಿ ನೋಡಿದ್ದಾರೆ.
4. ಸಿಕ್ಕ ಬಗ್‌ಗಳನ್ನು ಸರಿಮಾಡಿ ಮತ್ತೆ ಟೆಸ್ಟ್ ಮಾಡಿದ್ದೇವೆ. ಹಣ ತಪ್ಪು ತೋರಿಸೋ ಬಗ್ ಒಂದೂ ಉಳಿದಿಲ್ಲ.
5. ಕೋಡ್ ಮುಖ್ಯ ಬ್ರಾಂಚ್‌ಗೆ ಸೇರಿದೆ, ಸೇರಿದ ಮೇಲೂ ಟೆಸ್ಟ್ ಪಾಸ್ ಆಗಿದೆ.

ಈ ಪಟ್ಟಿ ಎಲ್ಲಾ ಸ್ಟೋರಿಗಳಿಗೂ ಒಂದೇ. ‘75 ಕೆಜಿ ಚೀಲದ ರೇಟ್ ಕೂಡ ತಗೋಬೇಕು’ ಅನ್ನೋದು ಮಾತ್ರ ಆ ಒಂದು ಸ್ಟೋರಿಗೆ ಸೇರಿದ ಷರತ್ತು. ಅದನ್ನ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಅಂತಾರೆ. ಎರಡನ್ನೂ ಕಲಸಬಾರದು.

ಒಂದನೇ ಸಾಲೇ ಎಲ್ಲಕ್ಕಿಂತ ಮುಖ್ಯ. ಉದಾಹರಣೆ ಮೊದಲೇ ಬರೆಯಬೇಕು ಅಂದ ತಕ್ಷಣ ‘ರೇಟ್ ಚೀಲಕ್ಕಾ, ಕ್ವಿಂಟಲ್‌ಗಾ?’ ಅನ್ನೋ ಪ್ರಶ್ನೆ ಮೊದಲ ದಿನವೇ ಬರುತ್ತೆ. ಪೈಥಾನ್‌ನಲ್ಲಿ ಬರೆದರೆ ಅದು ಹೀಗಿರುತ್ತೆ:

```python
def test_bag():
    assert amount(kg=3000, rate=1800, unit_kg=75) == 72000

def test_quintal():
    assert amount(kg=3000, rate=2400, unit_kg=100) == 72000

def test_part_bag():
    assert amount(kg=3040, rate=1800, unit_kg=75) == 72960
```

ಮೂರನೆಯದನ್ನು ಗಮನಿಸಿ. 3,040 ಕೆಜಿ ಅಂದ್ರೆ 40 ಚೀಲ ಆಗಿ ಮೇಲೆ 40 ಕೆಜಿ ಉಳಿಯುತ್ತೆ. ಪೂರ್ತಿ ಚೀಲ ಮಾತ್ರ ಎಣಿಸೋ ಕೋಡ್ ಇದ್ದರೆ ಆ 40 ಕೆಜಿಯ 960 ರೂಪಾಯಿ ಮಾಯ. ಮೊದಲ ಎರಡು ಟೆಸ್ಟ್ ಪಾಸ್ ಆದರೂ ಇದು ಫೇಲ್ ಆಗುತ್ತೆ.

ಕೊನೆ ದಿನಗಳ ಲೆಕ್ಕ

ಪಟ್ಟಿ ಗೋಡೆ ಮೇಲೆ ಅಂಟಿಸಿದ ಮಾತ್ರಕ್ಕೆ ಟೆಸ್ಟಿಂಗ್‌ಗೆ ಟೈಮ್ ಸಿಗಲ್ಲ. ಕೆಲಸ ಹಂಚೋ ರೀತಿಯೇ ಬದಲಾಗಬೇಕು. ಸ್ಪ್ರಿಂಟ್ 10 ದಿನದ್ದು, 10ನೇ ದಿನ ರಿವ್ಯೂ. ನಾಲ್ಕು ಸ್ಟೋರಿ: ತೂಕ ದಾಖಲು, ಹಣದ ಲೆಕ್ಕ, ರಶೀದಿ, ದಿನದ ರೇಟ್ ಪಟ್ಟಿ. ಒಂದೊಂದಕ್ಕೂ ಒಬ್ಬರೇ ಕೂತರೆ ಕೋಡಿಂಗ್‌ಗೆ 7 ದಿನ, ಟೆಸ್ಟ್ ಮಾಡಿ ಬಗ್ ತಿದ್ದೋಕೆ 2 ದಿನ ಬೇಕು.

ಮೊದಲನೇ ವಿಧಾನ ನಾವೆಲ್ಲ ಮಾಡೋದೇ: ಒಬ್ಬೊಬ್ಬರಿಗೆ ಒಂದೊಂದು ಸ್ಟೋರಿ. 7 ದಿನ ಕೋಡಿಂಗ್, 8 ಮತ್ತು 9ನೇ ದಿನ ಒಬ್ಬರದನ್ನು ಇನ್ನೊಬ್ಬರು ಟೆಸ್ಟ್ ಮಾಡೋದು. ಪೇಪರ್ ಮೇಲೆ ಸರಿಯಾಗಿ ಕೂರುತ್ತೆ. ಆದರೆ ಕೋಡಿಂಗ್ 7 ದಿನದ ಬದಲು 9 ದಿನ ತಗೊಂಡರೆ? ಟೆಸ್ಟಿಂಗ್‌ಗೆ ಉಳಿದದ್ದು ಸೊನ್ನೆ. ನಾಲ್ಕೂ ಸ್ಟೋರಿ ‘ಎಲ್ಲಾ ಆತು, ಟೆಸ್ಟಿಂಗ್ ಅಷ್ಟ’ ಅನ್ನೋ ಸ್ಥಿತಿಯಲ್ಲಿ ನಿಲ್ಲುತ್ತವೆ. ಪಟ್ಟಿಯ ಪ್ರಕಾರ ಆಗಿರೋದು ಒಂದೂ ಇಲ್ಲ.

ಎರಡನೇ ವಿಧಾನದಲ್ಲಿ ಇಬ್ಬಿಬ್ಬರು ಸೇರಿ ಒಂದು ಸ್ಟೋರಿ ಮಾಡ್ತಾರೆ. ಮೊದಲು ತೂಕ ದಾಖಲು ಮತ್ತು ಹಣದ ಲೆಕ್ಕ ಮಾತ್ರ, ಉಳಿದ ಎರಡನ್ನು ಮುಟ್ಟೋದೇ ಇಲ್ಲ. ಅದೇ ತಡ ಇಲ್ಲೂ ಆಯ್ತು ಅಂದುಕೊಳ್ಳಿ. 9 ದಿನದ ಕೋಡಿಂಗನ್ನು ಇಬ್ಬರು ಮಾಡಿದರೆ ನಾಲ್ಕೂವರೆ ದಿನ. ನಂತರ ಈ ಜೋಡಿಯ ಕೆಲಸವನ್ನು ಆ ಜೋಡಿ, ಆ ಜೋಡಿಯದನ್ನು ಈ ಜೋಡಿ ಟೆಸ್ಟ್ ಮಾಡೋಕೆ ಒಂದು ದಿನ. ಐದೂವರೆ ದಿನಕ್ಕೆ ಎರಡು ಸ್ಟೋರಿ ಪೂರ್ತಿ ಆಗಿವೆ. ರಶೀದಿ ಮತ್ತು ರೇಟ್ ಪಟ್ಟಿ ಈ ಸ್ಪ್ರಿಂಟ್‌ನಲ್ಲಿ ಮುಗಿಯಲ್ಲ, ನಿಜ. ಆದರೂ ಅದೇ ನಾಲ್ಕು ಜನ, ಅದೇ ತಡ, ಫಲ ಮಾತ್ರ ಸೊನ್ನೆಯ ಬದಲು ಎರಡು. ಇಬ್ಬರು ಕೂತರೆ ಟೈಮ್ ಸರಿಯಾಗಿ ಅರ್ಧ ಆಗಲ್ಲ ಅಂತ ನೀವು ಹೇಳಬಹುದು. ನಾಲ್ಕೂವರೆ ಐದಾದರೂ 6ನೇ ದಿನಕ್ಕೆ ಮೊದಲ ಎರಡು ಮುಗಿದಿರುತ್ತವೆ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ತಡದ ಪೂರ್ತಿ ಭಾರ ಎಲ್ಲಾ ಸ್ಟೋರಿಗಳ ಟೆಸ್ಟಿಂಗ್ ಮೇಲೆ ಬೀಳುತ್ತೆ. ಸ್ವಲ್ಪ ಸ್ವಲ್ಪವಾಗಿ ಮುಗಿಸುತ್ತಾ ಹೋದರೆ ಅದು ಕೊನೆಯ ಸ್ಟೋರಿಗಳ ಮೇಲೆ ಮಾತ್ರ ಬೀಳುತ್ತೆ. ಇನ್ನೊಂದು ಲಾಭವೂ ಇದೆ. ಚೀಲ–ಕ್ವಿಂಟಲ್ ಗೊಂದಲ 5ನೇ ದಿನವೇ ಸಿಕ್ಕಿದರೆ, ರಶೀದಿಯ ಕೋಡ್ ಶುರುವಾಗೋವಾಗಲೇ ಸರಿಯಾದ ಅಳತೆ ಗೊತ್ತಿರುತ್ತೆ.

ಇದನ್ನು ಪಾಲಿಸೋಕೆ ಬೋರ್ಡ್ ಮೇಲೆ ಒಂದು ನಿಯಮ ಸಾಕು: ‘ಟೆಸ್ಟಿಂಗ್’ ಕಾಲಮ್‌ನಲ್ಲಿ ಎರಡಕ್ಕಿಂತ ಹೆಚ್ಚು ಕಾರ್ಡ್ ಇರಬಾರದು. ಎರಡು ಇದ್ದರೆ, ಕೋಡಿಂಗ್ ಮುಗಿಸಿದವರು ಹೊಸ ಸ್ಟೋರಿ ತಗೊಳ್ಳದೆ ಮೊದಲು ಅಲ್ಲಿರೋದನ್ನು ಟೆಸ್ಟ್ ಮಾಡಬೇಕು.

ಆದರೂ ಟೈಮ್ ಸಾಲದಿದ್ದರೆ

8ನೇ ದಿನ ಬಂತು, ಕೆಲಸ ಮುಗಿಯೋ ಹಾಗಿಲ್ಲ ಅಂತ ಗೊತ್ತಾಯ್ತು. ಆಗ ಯಾರಾದರೂ ‘ಈ ಸಲ ಮೂರನೇ ಸಾಲು ಬಿಡೋಣ, ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ’ ಅಂತಾರೆ. ಇಲ್ಲೇ ಎಚ್ಚರ ಬೇಕು. ಸ್ಪ್ರಿಂಟ್ ನಡೀತಿರುವಾಗ ಗುಣಮಟ್ಟ ಇಳಿಸಬಾರದು, ಆದರೆ ಎಷ್ಟು ಕೆಲಸ ಅನ್ನೋದನ್ನು ಪ್ರಾಡಕ್ಟ್ ಓನರ್ ಜೊತೆ ಮಾತಾಡಿ ಬದಲಿಸಬಹುದು ಅನ್ನೋದು ಸ್ಕ್ರಮ್ ಗೈಡ್‌ನ ನಿಲುವು. ಅಂದ್ರೆ ಕತ್ತರಿಸಬೇಕಾದ್ದು ಸ್ಟೋರಿಯನ್ನು. ರಶೀದಿಯನ್ನು ಎಸ್ಸೆಮ್ಮೆಸ್ ಮತ್ತು ಪಿಡಿಎಫ್ ಎರಡರಲ್ಲೂ ಕೊಡಬೇಕು ಅಂತಿದ್ದರೆ ಎಸ್ಸೆಮ್ಮೆಸ್ ಮಾತ್ರ ಕೊಡೋಣ, ಅದನ್ನೇ ಪೂರ್ತಿ ಟೆಸ್ಟ್ ಮಾಡೋಣ. ಪಟ್ಟಿ ನಿಜಕ್ಕೂ ಭಾರ ಅನ್ನಿಸಿದರೆ ಸ್ಪ್ರಿಂಟ್ ಕೊನೆಯ ರೆಟ್ರೊಸ್ಪೆಕ್ಟಿವ್‌ನಲ್ಲಿ ಕೂತು ಬದಲಿಸಬೇಕು.

ಪ್ರತಿ ಸ್ಟೋರಿಯ ಪಟ್ಟಿಗೆ ಹಿಡಿಸದ ಟೆಸ್ಟಿಂಗ್ ಕೂಡ ಇದೆ. ಸುಗ್ಗಿಯಲ್ಲಿ ಸಾವಿರ ಜನ ಒಟ್ಟಿಗೆ ಬಳಸಿದರೆ ಸರ್ವರ್ ತಡೆಯುತ್ತಾ? ಇದನ್ನು ಪ್ರತಿ ಸ್ಟೋರಿಗೂ ನೋಡೋಕಾಗಲ್ಲ. ಅಂಥದ್ದನ್ನು ಬ್ಯಾಕ್‌ಲಾಗ್‌ನಲ್ಲಿ ಬೇರೆ ಕೆಲಸವಾಗಿ ಬರೆದು, ಅದು ಮುಗಿಯೋವರೆಗೂ ‘ಇದನ್ನು ಇನ್ನೂ ನೋಡಿಲ್ಲ’ ಅಂತ ಬಾಯಿಬಿಟ್ಟು ಹೇಳಬೇಕು.

ನಮ್ಮ ಟೀಮ್‌ನಲ್ಲಿ ಟೆಸ್ಟಿಂಗ್ ಹಿಂಡಿಹೋಗ್ತಿದೆಯಾ ಅಂತ ತಿಳಿಯೋಕೆ ಪ್ರತಿ ಕಾರ್ಡ್ ಮೇಲೆ ಮೂರು ತಾರೀಖು ಬರೆಯಿರಿ: ಶುರುವಾದದ್ದು, ಟೆಸ್ಟಿಂಗ್‌ಗೆ ಬಂದದ್ದು, ಪೂರ್ತಿ ಆದದ್ದು. ಸ್ಪ್ರಿಂಟ್ ಮುಗಿದ ಮೇಲೆ ಜೋಡಿಸಿ ನೋಡಿ. ಎಲ್ಲಾ ಕಾರ್ಡ್‌ಗಳ ಮೂರನೇ ತಾರೀಖು ಕೊನೆಯ ಎರಡು ದಿನದಲ್ಲೇ ಬಿದ್ದಿದ್ದರೆ, ಅಥವಾ ಎರಡನೇ ಮತ್ತು ಮೂರನೇ ತಾರೀಖು ಎಲ್ಲದರಲ್ಲೂ ಒಂದೇ ಆಗಿದ್ದರೆ, ಮುಂದಿನ ಪ್ಲಾನಿಂಗ್‌ನಲ್ಲಿ ನಾಲ್ಕರ ಬದಲು ಮೂರೇ ಸ್ಟೋರಿ ತಗೊಳ್ಳಿ. ಇಂಟರ್ನಲ್ಸ್ ಇರೋ ವಾರ ಆದರೆ ಎರಡೇ ಸಾಕು.