ಬಂತು ಬೇರೆ, ಸರಿಯಿದೆ ಬೇರೆ

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದಾಗ, ಹೊಸದಾಗಿ ಸೇರುವವರ ಕಾಗದಪತ್ರದ ಲೆಕ್ಕ ನನ್ನ ಪಾಲಿಗಿತ್ತು. ಜೂನ್, ಜುಲೈ ಬಂತೆಂದರೆ ಐಟಿಐ, ಡಿಪ್ಲೊಮಾ ಮುಗಿಸಿದವರು ಹಾಸನ, ತುಮಕೂರು, ಕಲಬುರಗಿ ಕಡೆಯಿಂದ ಗುಂಪಾಗಿ ಬರುತ್ತಿದ್ದರು. ಕೇಳುವ ಪಟ್ಟಿ ದೊಡ್ಡದೇನಲ್ಲ: ಫೋಟೊ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಐಟಿಐ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಹಿಂದೆ ಕೆಲಸ ಮಾಡಿದ್ದರೆ ರಿಲೀವಿಂಗ್ ಲೆಟರ್, ಪಿಎಫ್‌ನ ಫಾರಂ 11, ನಾಮಿನಿ ವಿವರ, ಇಎಸ್‌ಐಗೆ ಮನೆಯವರ ವಿವರ, ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್.

ನನ್ನ ಕೈಗೆ ಬಂದ ಎಕ್ಸೆಲ್ ಹಾಳೆ ಎಲ್ಲ ಕಚೇರಿಗಳಲ್ಲೂ ಇರುವಂಥದ್ದೇ. ಒಬ್ಬರಿಗೆ ಒಂದು ಸಾಲು, ಒಂದೊಂದು ಕಾಗದಕ್ಕೆ ಒಂದು ಕಂಬ, ಬಂದಿದ್ದರೆ ರೈಟ್ ಮಾರ್ಕು, ಕೊನೆಯಲ್ಲಿ ಶೇಕಡಾವಾರು. ನೋಡಲು ಅಚ್ಚುಕಟ್ಟು. ಆದರೆ ತಿಂಗಳ ಕೊನೆಗೆ ಅಕೌಂಟ್ಸ್‌ನವರು ಬಂದು, "ಮೇಡಂ, ನಿಮ್ಮ ಹಾಳೆಯಲ್ಲಿ ನೂರಕ್ಕೆ ನೂರು ಅಂತಿದೆ, ಇವನ ಸಂಬಳ ಬ್ಯಾಂಕಿಂದ ವಾಪಸ್ ಬಂದಿದೆಯಲ್ಲ" ಎನ್ನುತ್ತಿದ್ದರು. ಒಂದು ರೈಟ್ ಮಾರ್ಕು ಮೂರು ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ಕೊಡಲು ಹೊರಟಿತ್ತು: ಈ ಕಾಗದ ಇವರಿಂದ ಬೇಕೇ? ಬಂದಿದೆಯೇ? ಬಂದದ್ದು ಕೆಲಸಕ್ಕೆ ಬರುತ್ತದೆಯೇ? ಈ ಮೂರನ್ನು ಬಿಡಿಸಿ ಬರೆಯುವುದರಲ್ಲೇ ಇಡೀ ಕೆಲಸ ಇದೆ ಎಂಬುದು ಹಾಳೆಯನ್ನು ಹೊಸದಾಗಿ ಕಟ್ಟಿದ ಮೇಲೆ ಮನದಟ್ಟಾಯಿತು.

ಮೊದಲನೆಯದು, ಬೇಕೇ ಬೇಡವೇ ಎಂಬುದು. ಹಳೆಯ ಹಾಳೆಯಲ್ಲಿ ರಿಲೀವಿಂಗ್ ಲೆಟರ್ ಕಂಬ ಖಾಲಿ ಇದ್ದರೆ, ಅದು ಬಂದಿಲ್ಲವೋ ಅಥವಾ ಹುಡುಗನಿಗೆ ಇದೇ ಮೊದಲ ಕೆಲಸವಾದ್ದರಿಂದ ಬೇಕಾಗಿಲ್ಲವೋ ಗೊತ್ತಾಗುತ್ತಿರಲಿಲ್ಲ. ಇಎಸ್‌ಐ ಕೂಡ ಹಾಗೆಯೇ. ತಿಂಗಳ ವೇತನ 21,000 ರೂಪಾಯಿ ದಾಟಿದವರಿಗೆ ಅದು ಅನ್ವಯಿಸುತ್ತಿರಲಿಲ್ಲ, ಅವರ ಮನೆಯವರ ವಿವರಕ್ಕೆ ಕಾಯುವ ಅಗತ್ಯವೂ ಇರಲಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಬೇಕಾದ ಪಟ್ಟಿಯನ್ನು ಸೇರುವ ದಿನವೇ ಗೊತ್ತುಮಾಡಿ, ಒಂದೊಂದು ಕಾಗದದ ಎದುರೂ Y ಅಥವಾ N ಬರೆಯತೊಡಗಿದೆ. ಖಾಲಿ ಬಿಡುವ ಹಾಗಿಲ್ಲ.

ಈ Y, N ನಿರ್ಧಾರವಾಗುವುದು ಸೇರುವವರು ಕೊಡುವ ಉತ್ತರಗಳಿಂದ, ಆ ಉತ್ತರಗಳನ್ನೂ ಕೆದಕಿ ನೋಡಬೇಕು. ಡಿಪ್ಲೊಮಾ ಓದಿದ ಒಬ್ಬರು ತಾನು ಫ್ರೆಶರ್ ಎಂದು ಬರೆದಿದ್ದರು. ಮೂಲ ವೇತನ 15,000 ರೂಪಾಯಿಗಿಂತ ಹೆಚ್ಚಿತ್ತು. ಹಿಂದೆಂದೂ ಪಿಎಫ್ ಸದಸ್ಯರಾಗಿರದಿದ್ದರೆ ಅಂಥವರನ್ನು ಪಿಎಫ್‌ನಿಂದ ಹೊರಗಿಡಬಹುದಿತ್ತು, ಒಮ್ಮೆ ಸದಸ್ಯರಾಗಿದ್ದವರನ್ನು ಬಿಡುವಂತಿರಲಿಲ್ಲ. "ರಜೆಯಲ್ಲಿ ಎಲ್ಲಾದರೂ ಕಾಂಟ್ರ್ಯಾಕ್ಟರ್ ಕೈಕೆಳಗೆ ಕೆಲಸ ಮಾಡಿದ್ದೀರಾ?" ಎಂದು ಕೇಳಿದಾಗ, "ಒಂದು ಗೋಡೌನಲ್ಲಿ ಸ್ವಲ್ಪ ದಿನ ಹೋಗಿದ್ದೆ ಮೇಡಂ, ಅದನ್ನೂ ಬರೀಬೇಕಾ?" ಅಂದರು. ಅಲ್ಲಿ ಪಿಎಫ್ ಹಿಡಿದಿದ್ದರು. ಹನ್ನೆರಡು ಅಂಕಿಯ ಯುಎಎನ್ ಆಗಲೇ ಹುಟ್ಟಿತ್ತು, ಅವರಿಗೇ ಗೊತ್ತಿರಲಿಲ್ಲ. ಫಾರಂ 11ರಲ್ಲಿ ‘ಇಲ್ಲ’ ಎಂದಿದ್ದದ್ದು ‘ಹೌದು’ ಆಯಿತು, ಹಾಳೆಯಲ್ಲಿ ಎರಡು N ಗಳು Y ಆದವು. ಅಂದಿನಿಂದ "ಹಿಂದೆ ಪಿಎಫ್ ಇತ್ತಾ?" ಎಂದು ಕೇಳುವುದನ್ನು ಬಿಟ್ಟೆ. "ಯಾವತ್ತಾದರೂ ಸಂಬಳ ಬ್ಯಾಂಕಿಗೆ ಬಂದಿತ್ತಾ, ಯಾರು ಹಾಕಿದ್ದರು?" ಎಂದು ಕೇಳುತ್ತೇನೆ. ಅದಕ್ಕೆ ಎಲ್ಲರ ಬಳಿಯೂ ಉತ್ತರ ಇರುತ್ತದೆ.

ಎರಡನೆಯ ಪ್ರಶ್ನೆ, ಬಂದಿದೆಯೇ ಎಂಬುದು, ಸುಲಭದ್ದು. ಬಂದ ದಿನಾಂಕ ಹಾಕಿದರೆ ಮುಗಿಯಿತು. ಕಷ್ಟವಿರುವುದು ಮೂರನೆಯದರಲ್ಲಿ. ಅಲ್ಲಿ ನಾನು ಎರಡೇ ಗುರುತು ಇಟ್ಟೆ: OK ಅಥವಾ RETURN. RETURN ಎಂದರೆ ಪಕ್ಕದಲ್ಲಿ ಕಾರಣ ಇರಲೇಬೇಕು. ಆಧಾರ್‌ನ ಮುಂಭಾಗ ಮಾತ್ರ ಬಂದಿದೆ, ವಿಳಾಸವಿರುವ ಹಿಂಭಾಗ ಇಲ್ಲ. ಪಾಸ್‌ಬುಕ್ ಫೋಟೊದಲ್ಲಿ ಐಎಫ್‌ಎಸ್‌ಸಿ ಇರುವ ಸಾಲು ಫ್ಲ್ಯಾಶ್ ಬಿದ್ದು ಬೆಳ್ಳಗಾಗಿದೆ. ಕಾರಣವನ್ನು ಹೀಗೆ ಬರೆದಿಟ್ಟರೆ ಅದನ್ನೇ ನಕಲು ಮಾಡಿ ವಾಟ್ಸಾಪ್‌ನಲ್ಲಿ ಕಳಿಸಬಹುದು. "ನಿಮ್ಮ ಡಾಕ್ಯುಮೆಂಟ್ಸ್ ಪೆಂಡಿಂಗ್ ಇದೆ" ಎಂದು ಕಳಿಸಿದರೆ ಅದೇ ಮಸುಕು ಫೋಟೊ ಇನ್ನೊಮ್ಮೆ ಬರುತ್ತದೆ, ಅಷ್ಟೆ.

ಸ್ಪಷ್ಟವಾಗಿ ಕಂಡರೂ ಕೆಲಸಕ್ಕೆ ಬಾರದ ಕಾಗದಗಳಿರುತ್ತವೆ. ನಮ್ಮ ಕಡೆ ಇದಕ್ಕೆ ಒಳ್ಳೆಯ ಉದಾಹರಣೆ ಹಳೆಯ ಪಾಸ್‌ಬುಕ್ಕು. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ನಲ್ಲಿ 2020ರ ಏಪ್ರಿಲ್ 1ರಂದು ವಿಲೀನವಾದವು. ಅದಕ್ಕೂ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಊರಿನ ಶಾಖೆ ಅದೇ ಕಟ್ಟಡದಲ್ಲಿರುತ್ತದೆ, ಅಪ್ಪ ಮಾಡಿಸಿಕೊಟ್ಟ ಪಾಸ್‌ಬುಕ್ಕೂ ಅದೇ ಇರುತ್ತದೆ. ಆದರೆ SYNB ಎಂದು ಶುರುವಾಗುವ ಐಎಫ್‌ಎಸ್‌ಸಿಗಳು 2021ರ ಜುಲೈಯಿಂದ ನಡೆಯುವುದಿಲ್ಲ, ಈಗ CNRB ಬೇಕು. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ, ಐದನೆಯದು ಸೊನ್ನೆ. ಮೊದಲ ನಾಲ್ಕು ಅಕ್ಷರ ಇಂದು ಇರುವ ಬ್ಯಾಂಕಿನದೇ ಎಂದು ನೋಡಿಕೊಂಡರೆ, ಸಂಬಳ ವಾಪಸ್ ಬರುವ ಒಂದು ದಾರಿ ಅಲ್ಲೇ ಮುಚ್ಚುತ್ತದೆ. ಖಾತೆ ಸಂಖ್ಯೆ ಬರೆಯುವ ಕಂಬವನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಬೇಕು, ಇಲ್ಲದಿದ್ದರೆ ಮುಂದಿರುವ ಸೊನ್ನೆಯನ್ನು ಎಕ್ಸೆಲ್ ನುಂಗಿಬಿಡುತ್ತದೆ.

ಇದಕ್ಕಿಂತ ತೊಡಕಿನದು, ಪ್ರತಿ ಕಾಗದವೂ ತನ್ನಷ್ಟಕ್ಕೆ ಸರಿಯಿದ್ದು ಒಂದಕ್ಕೊಂದು ಹೊಂದದಿರುವುದು. ಹೆಸರು ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಹಾಸನದ ಹುಡುಗ, ಮಂಜುನಾಥ ಅನ್ನೋಣ, ಜೂನ್ 12ಕ್ಕೆ ಸೇರಿದ. ಇದೇ ಮೊದಲ ಕೆಲಸ, ಮೂಲ ವೇತನವೂ ಡಿಎಯೂ ಸೇರಿ 15,000ದೊಳಗೆ. ಪಿಎಫ್ ಕಡ್ಡಾಯ, ಇಎಸ್‌ಐಯೂ ಅನ್ವಯ. ಬೇಕಾದ ಕಾಗದ ಅಷ್ಟೂ ಮೊದಲ ದಿನವೇ ತಂದಿದ್ದ. ಮಾರ್ಕ್ಸ್ ಕಾರ್ಡ್‌ನಲ್ಲಿ MANJUNATHA H R, ಹುಟ್ಟಿದ ದಿನ 14-06-1999. ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಸೇರಿದ ಉದ್ದ ಹೆಸರು. ಆಧಾರ್‌ನಲ್ಲಿ ಬರೀ Manjunath, ಹುಟ್ಟಿದ ದಿನ 01/01/1999. ಆಧಾರ್ ಮಾಡಿಸುವಾಗ ದಾಖಲೆ ಇರಲಿಲ್ಲ, ವರ್ಷ ಹೇಳಿದ್ದರು, ಜನವರಿ ಒಂದು ಬಿದ್ದಿತ್ತು.

ಯಾವ ಕಾಗದವೂ ಸುಳ್ಳಲ್ಲ. ಆದರೆ ಯುಎಎನ್ ಹುಟ್ಟುವುದು ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನದ ಮೇಲೆ. ಪ್ಯಾನ್ ಜೋಡಿಸಲು ಹೋದಾಗ ಹೆಸರು ಹೊಂದದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ತಪ್ಪು ದಿನಾಂಕದೊಂದಿಗೆ ಯುಎಎನ್ ಆಗಿಬಿಟ್ಟರೆ, ಆಗೆಲ್ಲ ನೌಕರನೂ ಕಂಪನಿಯೂ ಸೇರಿ ಜಾಯಿಂಟ್ ಡಿಕ್ಲರೇಷನ್ ಕೊಟ್ಟು ತಿದ್ದಿಸಬೇಕಿತ್ತು. ಹಾಗಾಗಿ ತಿದ್ದುಪಡಿಯ ಸರದಿ ಮುಖ್ಯ: ಮೊದಲು ಆಧಾರ್, ಆಮೇಲೆ ಅದಕ್ಕೆ ಹೊಂದುವಂತೆ ಪ್ಯಾನ್, ಕೊನೆಗೆ ಯುಎಎನ್. ಆಧಾರ್‌ನಲ್ಲಿ ಹುಟ್ಟಿದ ದಿನ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರಿಗೆ ಎರಡು. ಮಾರ್ಕ್ಸ್ ಕಾರ್ಡ್ ಮೂಲಪ್ರತಿ ಹಿಡಿದು ಹೋಗಿ ಎರಡನ್ನೂ ಒಂದೇ ಸಲ ಮಾಡಿಸಿಕೊಂಡು ಬಾ ಎಂದು ಅರ್ಧ ದಿನ ರಜೆ ಕೊಟ್ಟು ಬೆಂಗಳೂರು ಒನ್‌ಗೆ ಕಳಿಸಿದೆ. ಹಾಳೆಯಲ್ಲಿ ಆಧಾರ್, ಪ್ಯಾನ್ ಎರಡೂ RETURN. ಹಳೆಯ ಲೆಕ್ಕದಲ್ಲಿ ಅವನದು ನೂರಕ್ಕೆ ನೂರು ಆಗುತ್ತಿತ್ತು.

ಎಷ್ಟು ದಿನ ಕಾಯಬಹುದು? ಇಲ್ಲಿ ಹಾಳೆಗೆ ಇನ್ನೊಂದು ಕಂಬ ಸೇರಿತು: ಈ ಕಾಗದ ಯಾವ ಕೆಲಸವನ್ನು ತಡೆಯುತ್ತದೆ ಎಂಬುದು. ಇಎಸ್‌ಐ ನೋಂದಣಿ ಸೇರಿದ ಹತ್ತು ದಿನದೊಳಗೆ ಆಗಬೇಕಿತ್ತು. ನಮ್ಮಲ್ಲಿ ಸಂಬಳದ ಪಟ್ಟಿ 25ಕ್ಕೆ ಮುಚ್ಚುತ್ತಿತ್ತು, ಬ್ಯಾಂಕ್ ವಿವರ ಅಷ್ಟರೊಳಗೆ ಬೇಕು. ಜೂನ್ ತಿಂಗಳ ಪಿಎಫ್ ಕಟ್ಟಲು ಜುಲೈ 15 ಕೊನೆಯ ದಿನ, ಅಂದರೆ ಯುಎಎನ್‌ಗೆ ಅಲ್ಲಿಯವರೆಗೆ ಸಮಯವಿದೆ. ಮಂಜುನಾಥನ ಇಎಸ್‌ಐ ಕಾಯಿಸಲಿಲ್ಲ, ಪಿಎಫ್ ಕಾಯಿಸಿದೆವು. ಜುಲೈ ಮೊದಲ ವಾರದಲ್ಲಿ ತಿದ್ದಿದ ಆಧಾರ್ ಬಂತು, ಯುಎಎನ್ ಸರಿಯಾದ ದಿನಾಂಕದಲ್ಲೇ ಹುಟ್ಟಿತು. ಬಾರದೇ ಹೋಗಿದ್ದರೆ 15ರೊಳಗೆ ಇದ್ದ ಆಧಾರ್ ಮೇಲೆಯೇ ಯುಎಎನ್ ಮಾಡಿ, ತಿದ್ದುಪಡಿಯ ದಾರಿ ಹಿಡಿಯಬೇಕಾಗುತ್ತಿತ್ತು. ಪ್ಯಾನ್ ತಿದ್ದಿ ಬರಲು ಇನ್ನಷ್ಟು ದಿನ ಹಿಡಿಯಿತು, ಅದರಿಂದ ಆ ತಿಂಗಳ ಯಾವ ಕೆಲಸವೂ ನಿಲ್ಲಲಿಲ್ಲ.

ಹಾಳೆಯ ರೂಪ ಹೀಗಾಯಿತು. Log ಎಂಬ ಶೀಟಿನಲ್ಲಿ ಒಬ್ಬರಿಗೆ ಒಂದು ಸಾಲಲ್ಲ, ಒಂದು ಕಾಗದಕ್ಕೆ ಒಂದು ಸಾಲು: A ನೌಕರರ ಸಂಖ್ಯೆ, B ಕಾಗದ, C ಬೇಕೇ, D ಬಂದ ದಿನ, E ಗುರುತು, F ಕಾರಣ, G ತಡೆಯುವ ಕೆಲಸ. ಇನ್ನೊಂದು ಶೀಟಿನಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು, ಅಲ್ಲಿ ಸೂತ್ರ. ಪಿಎಫ್‌ಗೆ ಎಷ್ಟು ಕಾಗದ ಬಾಕಿ ಎಂದು ಕೇಳುವುದು ಹೀಗೆ:

```
=COUNTIFS(Log!A:A,A2,Log!C:C,"Y",Log!G:G,"PF",Log!E:E,"<>OK")
```

"PF" ಇರುವಲ್ಲಿ "BANK", "ESI" ಹಾಕಿದರೆ ಉಳಿದ ಕಂಬಗಳು ಸಿದ್ಧ. "<>OK" ಎಂದಿರುವುದರಿಂದ RETURN ಆದದ್ದೂ ಬಾಕಿ, ಇನ್ನೂ ಬಾರದೆ E ಖಾಲಿ ಇರುವುದೂ ಬಾಕಿ. ಬಂದಿದೆ, ಇನ್ನೂ ಯಾರೂ ನೋಡಿಲ್ಲ ಎಂಬುದೂ ಬಾಕಿಯೇ. ಇದು ನನಗೆ ಬೇಕಾಗಿದ್ದದ್ದು. ಆಧಾರ್ ಇಎಸ್‌ಐಗೂ ಪಿಎಫ್‌ಗೂ ಬೇಕಾದ್ದರಿಂದ ಅದಕ್ಕೆ ಎರಡು ಸಾಲು. ಮಂಜುನಾಥನ ಆಧಾರ್ ಒಂದರಲ್ಲಿ OK, ಇನ್ನೊಂದರಲ್ಲಿ RETURN ಆಗಿದ್ದದ್ದು ಹೀಗೆ. ಆಧಾರ್ ಸಂಖ್ಯೆಯನ್ನು ಮಾತ್ರ ಈ ಹಾಳೆಯಲ್ಲಿ ಎಲ್ಲೂ ಬರೆಯಲಿಲ್ಲ. ಹತ್ತು ಜನ ತೆರೆದು ನೋಡುವ ಕಡತದಲ್ಲಿ ಅದಕ್ಕೆ ಕೆಲಸವಿಲ್ಲ.

ಈ ಹಾಳೆ ಹೇಳಲಾರದ್ದೂ ಇದೆ. OK ಎಂದರೆ ಓದಲು ಬರುತ್ತದೆ, ಬೇರೆ ಕಾಗದಗಳಿಗೆ ಹೊಂದುತ್ತದೆ ಎಂದಷ್ಟೇ, ಅಸಲಿ ಎಂದಲ್ಲ. ಮಾರ್ಕ್ಸ್ ಕಾರ್ಡ್ ಅಸಲಿಯೇ ಎಂದು ತಿಳಿಯಲು ಡಿಜಿಲಾಕರ್ ಪ್ರತಿ ನೋಡಬೇಕು ಅಥವಾ ಮಂಡಳಿಯನ್ನೇ ಕೇಳಬೇಕು, ರಿಲೀವಿಂಗ್ ಲೆಟರ್‌ಗೆ ಹಳೆಯ ಕಂಪನಿಗೆ ಫೋನ್ ಮಾಡಬೇಕು. ಆ ಕೆಲಸಕ್ಕೆ ಬೇರೆ ಕಂಬ, ಬೇರೆ ಗುರುತು ಇಡುವುದೇ ಒಳ್ಳೆಯದು. ಎರಡನ್ನೂ OKಯೊಳಗೆ ತುರುಕಿದರೆ ಹಳೆಯ ರೈಟ್ ಮಾರ್ಕಿಗೇ ಮರಳಿದಂತೆ.

ಶೇಕಡಾವಾರು ಕಂಬವನ್ನು ತೆಗೆದುಹಾಕಿದೆ. ಹನ್ನೊಂದರಲ್ಲಿ ಹತ್ತು ಸರಿಯಿದ್ದು ಫೋಟೊ ಒಂದೇ ಬಾಕಿ ಇದ್ದರೂ, ಬ್ಯಾಂಕ್ ವಿವರ ಒಂದೇ ಬಾಕಿ ಇದ್ದರೂ ಅದು ತೋರಿಸುವುದು ಒಂದೇ ಅಂಕಿ. ಮೊದಲನೆಯವನು ಗೇಟ್ ಪಾಸಿಗೆ ಒಂದು ದಿನ ಕಾಯುತ್ತಾನೆ, ಎರಡನೆಯವನ ಮನೆಗೆ ಆ ತಿಂಗಳು ದುಡ್ಡು ಹೋಗುವುದಿಲ್ಲ. ಮ್ಯಾನೇಜರ್ ಸೋಮವಾರದ ಮೀಟಿಂಗಿನಲ್ಲಿ ಎಷ್ಟು ಪರ್ಸೆಂಟ್ ಆಯಿತು ಎಂದು ಕೇಳಿದಾಗ ನಾನು ಓದುತ್ತಿದ್ದದ್ದು ಮೂರು ಸಾಲು: ಈ ತಿಂಗಳು ಸಂಬಳ ಹಾಕಲಾಗದವರು ಯಾರು, ಇಎಸ್‌ಐ ಗಡುವು ಹತ್ತಿರವಾಗಿರುವವರು ಯಾರು, 15ರೊಳಗೆ ಯುಎಎನ್ ಆಗಬೇಕಾದವರು ಯಾರು. ಕೆಲವು ವಾರ ಕಳೆದ ಮೇಲೆ ಅವರೂ ಪರ್ಸೆಂಟ್ ಕೇಳುವುದನ್ನು ಬಿಟ್ಟು, ಹೆಸರುಗಳನ್ನೇ ಕೇಳತೊಡಗಿದರು.